ನ್ಯುಮೋನಿಯಾದ ಮರೆಯಲ್ಲಿ ಅಡಗಿದ್ದ ಹಿರೇಬೇನೆ

ಸಂತೆಯಿಂದ ತಂದ ಎರಡು ಮೇಕೆಗಳು ಹಿಂಡಿಗೆ ಸೇರಿ ವಾರವಾಗಿದೆ ಎಂದುಕೊಳ್ಳಿ. ಒಂದು ಮರಿ ಮೇವು ಬಿಟ್ಟು ನಿಂತಿದೆ, ಮೂಗು ಸೋರುತ್ತಿದೆ, ಕೆಮ್ಮುತ್ತಿದೆ. ಮಳೆಯಲ್ಲಿ ನೆನೆದು ನ್ಯುಮೋನಿಯಾ ಆಗಿರಬೇಕೆಂದು ಪ್ರತಿಜೀವಕ ಕೊಡಿಸುತ್ತಾರೆ. ಮೂರು ದಿನ ಕಳೆದರೂ ಜ್ವರ ಇಳಿಯುವುದಿಲ್ಲ. ಅಷ್ಟರಲ್ಲಿ ಇನ್ನೂ ನಾಲ್ಕು ಮರಿಗಳಿಗೆ ಭೇದಿ ಶುರುವಾಗಿರುತ್ತದೆ. ಅದು ಪಿಪಿಆರ್ ಎಂಬ ಕುರಿ-ಮೇಕೆಗಳ ವೈರಾಣು ರೋಗ, ನಮ್ಮವರು ಹೇಳುವ ಹಿರೇಬೇನೆ.

ಈ ರೋಗ ಮೊದಲು ದಾಖಲಾದದ್ದು 1942ರಲ್ಲಿ, ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ. ಭಾರತದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ. ಗುರುತಿಸುವುದು ಕಷ್ಟವಾದದ್ದಕ್ಕೆ ಕಾರಣವಿದೆ. ಇದರ ವೈರಾಣು ದನಗಳ ದೊಡ್ಡರೋಗದ ವೈರಾಣುವಿಗೆ ಹತ್ತಿರದ ಸಂಬಂಧಿ, ಲಕ್ಷಣಗಳೂ ಹೋಲುತ್ತವೆ. ಹಿಂದೆ ಮೇಕೆಗಳಿಗೆ ದೊಡ್ಡರೋಗದ ಲಸಿಕೆಯನ್ನೇ ಹಾಕಿದ್ದೂ ಉಂಟು, ಅದು ರಕ್ಷಣೆಯನ್ನೂ ಕೊಡುತ್ತಿತ್ತು. ಆದರೆ ದೊಡ್ಡರೋಗದ ನಿರ್ಮೂಲನೆ ಕೊನೆಯ ಹಂತ ಮುಟ್ಟಿದಾಗ ಆ ಲಸಿಕೆಯನ್ನು ನಿಲ್ಲಿಸಬೇಕಾಯಿತು. ರಕ್ತಪರೀಕ್ಷೆಯಲ್ಲಿ ಕಾಣುವ ಪ್ರತಿಕಾಯ ಲಸಿಕೆಯದೋ ರೋಗದ್ದೋ ಎಂಬ ಗೊಂದಲ ಉಳಿಯಬಾರದಿತ್ತು.

ನ್ಯುಮೋನಿಯಾದ ಗೊಂದಲ ಮಾತ್ರ ಇಂದಿಗೂ ಇದೆ, ಅದು ಪೂರ್ತಿ ತಪ್ಪೂ ಅಲ್ಲ. ಹಿರೇಬೇನೆ ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ನುಗ್ಗುತ್ತವೆ. ಸಾಯುವ ಹೊತ್ತಿಗೆ ಮೇಕೆಗೆ ನ್ಯುಮೋನಿಯಾ ನಿಜವಾಗಿಯೂ ಇರುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಬಾಯಿ ತೆರೆದು ನೋಡಬೇಕು. ಹಿರೇಬೇನೆಯಲ್ಲಿ ಒಸಡು, ತುಟಿಯ ಒಳಭಾಗ ಮತ್ತು ನಾಲಿಗೆಯ ಮೇಲೆ ಹೊಟ್ಟಿನಂಥ ಬೂದು ಪದರ, ಅದರಡಿ ಹುಣ್ಣು, ಜೊತೆಗೆ ಅಸಹ್ಯ ವಾಸನೆ ಇರುತ್ತವೆ. ಕಣ್ಣಿನ ಪಿಸಿರು ಒಣಗಿ ರೆಪ್ಪೆ ಅಂಟುತ್ತದೆ. ಜ್ವರ ಬಂದ ಎರಡು ಮೂರು ದಿನಕ್ಕೆ ನೀರಿನಂಥ ಭೇದಿಯಾಗುತ್ತದೆ. ಬರೀ ನ್ಯುಮೋನಿಯಾದಲ್ಲಿ ಬಾಯಿ ಸ್ವಚ್ಛವಾಗಿರುತ್ತದೆ, ಭೇದಿ ಸಾಮಾನ್ಯವಾಗಿ ಇರುವುದಿಲ್ಲ. ಬಾಯಿಹುಣ್ಣು ನೀಲಿನಾಲಿಗೆ ರೋಗದಲ್ಲೂ ಬರುವುದರಿಂದ ಖಚಿತಪಡಿಸಲು ಮೂಗು ಮತ್ತು ಕಣ್ಣಿನ ಸ್ರಾವದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲೇಬೇಕು. ಪ್ರತಿಜೀವಕ ವೈರಾಣುವನ್ನು ಮುಟ್ಟುವುದಿಲ್ಲ, ಬ್ಯಾಕ್ಟೀರಿಯಾ ಸೋಂಕನ್ನು ತಡೆದು ಒಂದಷ್ಟು ಜೀವ ಉಳಿಸುತ್ತದೆ ಅಷ್ಟೇ.

ಈ ರೋಗಕ್ಕೇ ಮೀಸಲಾದ ಲಸಿಕೆ ಹಿಮಾಚಲದ ಸುಂಗ್ರಿಯಲ್ಲಿ 1996ರಲ್ಲಿ ಮೇಕೆಯಿಂದ ಪಡೆದ ವೈರಾಣುವಿನಿಂದ ಬಂದಿತು. ಉತ್ತರಾಖಂಡದ ಮುಕ್ತೇಶ್ವರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿದರು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶುಲಸಿಕೆ ತಯಾರಿಕಾ ಸಂಸ್ಥೆಯೂ ಇದನ್ನು ತಯಾರಿಸುತ್ತದೆ. ಚರ್ಮದಡಿ ಒಂದು ಮಿಲಿಲೀಟರ್ ಹಾಕಿದರೆ ಕನಿಷ್ಠ ಮೂರು ವರ್ಷ ರಕ್ಷಣೆ ದೊರೆಯುತ್ತದೆ.

ಹೀಗಿದ್ದೂ ರೋಗ ಉಳಿದಿರುವುದಕ್ಕೆ ಲಸಿಕೆಯ ದೋಷ ಕಾರಣವಲ್ಲ. 2015ರಲ್ಲಿ ಐವರಿ ಕೋಸ್ಟ್‌ನ ಅಬಿಜಾನ್ ನಗರದಲ್ಲಿ ನಡೆದ ಸಭೆಯಲ್ಲಿ ಜಗತ್ತು 2030ರೊಳಗೆ ಇದನ್ನು ನಿರ್ಮೂಲನೆ ಮಾಡುವ ಗುರಿ ಇಟ್ಟುಕೊಂಡಿತು. ಆದರೆ ಒಮ್ಮೆ ಊರಿಗೆಲ್ಲ ಲಸಿಕೆ ಹಾಕಿ ಹೋದರೂ ಮುಂದಿನ ವರ್ಷ ಹಿಂಡಿನ ತುಂಬ ಹೊಸ ಮರಿಗಳು. ತಾಯಿಯ ಹಾಲಿನ ಪ್ರತಿಕಾಯ ಇರುವವರೆಗೆ ಅವುಗಳಲ್ಲಿ ಲಸಿಕೆ ನಾಟುವುದಿಲ್ಲ, ಆದ್ದರಿಂದ ನಾಲ್ಕು ತಿಂಗಳು ಕಾಯಬೇಕು. ಆಗ ಹಿಂಡು ವಲಸೆ ಹೋಗಿದ್ದರೆ ಆ ಮರಿಗಳು ಲಸಿಕೆಯಿಲ್ಲದೆಯೇ ಉಳಿಯುತ್ತವೆ. ಜೊತೆಗೆ, ದ್ರಾವಣದಲ್ಲಿ ಕರಗಿಸಿದ ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಕೈಯಲ್ಲೇ ಹಿಡಿದು ಮೂರು ದೊಡ್ಡಿ ಸುತ್ತಿದ ಬಾಟಲಿಯ ಲಸಿಕೆಗೆ ಲೆಕ್ಕದ ಪುಸ್ತಕದಲ್ಲಿ ಮಾತ್ರ ಬೆಲೆ.