ದುಡ್ಡು ಕೊಟ್ಟವರದ್ದೇ ಸಾಫ್ಟ್‌ವೇರ್ ಅಲ್ಲ: ಐದು ವರ್ಷಕ್ಕೆ ಕೈತಪ್ಪುವ ಹಕ್ಕಿನ ಹಿನ್ನೆಲೆ

ಮಲ್ಪೆಯ ಒಬ್ಬ ಮೀನಿನ ಕಮಿಷನ್ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿ. ಬೆಳಗ್ಗೆ ಏಲಂ ಮುಗಿಯುವಷ್ಟರಲ್ಲಿ ಯಾವ ಬೋಟಿನಿಂದ ಎಷ್ಟು ಬುಟ್ಟಿ ಬಂಗುಡೆ ಬಂತು, ಯಾರು ಕೊಂಡರು, ಬೋಟಿನವರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ ಮೊಬೈಲಿಗೆ ಬರಬೇಕು. ಅದಕ್ಕಾಗಿ ಮಂಗಳೂರಿನ ಕೊಟ್ಟಾರದ ಒಂದು ಏಜೆನ್ಸಿಯಿಂದ 2018ರ ಆಗಸ್ಟ್‌ನಲ್ಲಿ ಸಾಫ್ಟ್‌ವೇರ್ ಮಾಡಿಸಿದರು. ಒಪ್ಪಿದ ಮೊತ್ತ ಒಂಬತ್ತು ಲಕ್ಷ. ಎರಡು ಪುಟದ ಅಗ್ರಿಮೆಂಟ್‌ನಲ್ಲಿ ಹಕ್ಕಿನ ಬಗ್ಗೆ ಇದ್ದದ್ದು ಒಂದೇ ಸಾಲು: ‘ಪೂರ್ತಿ ಹಣ ಪಾವತಿಯಾದ ಮೇಲೆ ಸಾಫ್ಟ್‌ವೇರಿನ ಎಲ್ಲ ಹಕ್ಕುಗಳನ್ನು ಗ್ರಾಹಕರಿಗೆ ವರ್ಗಾಯಿಸಲಾಗಿದೆ.’ ಎರಡೂ ಕಡೆಯವರ ಸಹಿ ಇದೆ.

2024ರಲ್ಲಿ ಓಮಾನ್‌ನ ಒಂದು ಮೀನು ಕಂಪನಿ ಇದೇ ಸಾಫ್ಟ್‌ವೇರ್ ಕೊಳ್ಳಲು ಮುಂದೆ ಬರುತ್ತದೆ. ಅವರ ವಕೀಲರು ಅಗ್ರಿಮೆಂಟ್ ಓದಿ, ‘ಇದು ಈಗ ನಿಮ್ಮದಲ್ಲ’ ಎನ್ನುತ್ತಾರೆ. ವ್ಯಾಪಾರಿಗೆ ದಿಗಿಲು. ‘ದುಡ್ಡು ಕೊಟ್ಟದ್ದು ನಾನಲ್ವಾ ಮಾರಾಯ್ರೇ? ಬರೆದೂ ಕೊಟ್ಟಿದ್ದಾರಲ್ಲ!’

ವಕೀಲರು ಹೇಳಿದ್ದು ಸರಿ. ಯಾಕೆ ಎಂದು ತಿಳಿಯಲು ಸಾಫ್ಟ್‌ವೇರ್ ಎಂಬುದೇ ಇಲ್ಲದ ಕಾಲಕ್ಕೆ ಹೋಗಬೇಕು.

ಬ್ರಿಟನ್ನಿನ 1911ರ ಕಾಪಿರೈಟ್ ಕಾಯಿದೆ 1914ರಲ್ಲಿ ಭಾರತಕ್ಕೂ ಬಂತು. ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ ಎಂಬುದು ಅದರ ಮೂಲ ಮಾತು. ಆದರೆ ಸಂಬಳಕ್ಕಿದ್ದವನು ಕೆಲಸದ ಭಾಗವಾಗಿ ಮಾಡಿದ್ದು ಧಣಿಗೆ ಸೇರುತ್ತಿತ್ತು. ಹಣ ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಭಾವಚಿತ್ರದಂಥವು ಹಣ ಕೊಟ್ಟವನಿಗೆ ಸೇರುತ್ತಿದ್ದವು. ಸ್ಟುಡಿಯೋಗೆ ಹೋಗಿ ಮನೆಯವರ ಫೋಟೋ ತೆಗೆಸಿದರೆ ಅದರ ಹಕ್ಕು ಮನೆಯವರದ್ದೇ ಆಗಲಿ ಎಂಬ ಲೆಕ್ಕಾಚಾರ. ನಮ್ಮ 1957ರ ಕಾಯಿದೆಯ 17ನೇ ಕಲಂ ಇದನ್ನೇ ಉಳಿಸಿಕೊಂಡು ಪಟ್ಟಿಗೆ ಸಿನಿಮಾವನ್ನು ಸೇರಿಸಿತು.

1984ರ ತಿದ್ದುಪಡಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕಾಯಿದೆಯ ಒಳಗೆ ಬಂತು. ಸೇರಿಸಿದ್ದು ಫೋಟೋಗಳ ಸಾಲಿಗಲ್ಲ, ಸಾಹಿತ್ಯ ಕೃತಿಗಳ ಸಾಲಿಗೆ. ಅಂದರೆ ಕಾನೂನಿನ ಕಣ್ಣಿಗೆ ಕೋಡ್ ಬರೆದವನೂ ಕಾದಂಬರಿ ಬರೆದವನೂ ಒಂದೇ. ಇಡೀ ತೊಡಕಿನ ಬೇರು ಇಲ್ಲಿದೆ. ಹಣ ಕೊಟ್ಟವನಿಗೆ ಹಕ್ಕು ಕೊಡುವ ಪಟ್ಟಿಯಲ್ಲಿ ಸಾಹಿತ್ಯ ಕೃತಿ ಇಲ್ಲ. ಮದುವೆಯ ಫೋಟೋ ತೆಗೆಸಿದವರಿಗೆ ಬೇರೆ ಕರಾರು ಇಲ್ಲದಿದ್ದರೆ ತಾನಾಗಿ ಸಿಗುವ ಒಡೆತನ, ಒಂಬತ್ತು ಲಕ್ಷ ಕೊಟ್ಟು ಸಾಫ್ಟ್‌ವೇರ್ ಮಾಡಿಸಿದವರಿಗೆ ಸಿಗುವುದಿಲ್ಲ. ಹೊರಗಿನ ಏಜೆನ್ಸಿ ನಿಮ್ಮ ನೌಕರನೂ ಅಲ್ಲ. ಹಾಗಾಗಿ ಕೋಡಿನ ಮೊದಲ ಒಡೆಯ ಏಜೆನ್ಸಿಯೇ.

‘ನಮ್ಮ ಆಶ್ರಯದಲ್ಲಿ ಮಾಡಿದ್ದು, ಆದ್ದರಿಂದ ನಮ್ಮದು’ ಎಂಬ ವಾದವನ್ನು ನಮ್ಮ ಜಿಲ್ಲೆಯೇ ಒಮ್ಮೆ ಕೇಳಿದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ವ್ಯಾಜ್ಯ ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ಶುರುವಾಗಿ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಕಾರಂತರು ತನ್ನ ಯಕ್ಷಗಾನ ಕೇಂದ್ರದಲ್ಲಿದ್ದುಕೊಂಡು ರೂಪಿಸಿದ್ದು, ಹಾಗಾಗಿ ಅದು ಸಂಸ್ಥೆಯದ್ದು ಎಂದು ಮಣಿಪಾಲದ ಶಿಕ್ಷಣ ಸಂಸ್ಥೆ ವಾದಿಸಿತ್ತು. ಆ ವಾದ ನಿಲ್ಲಲಿಲ್ಲ. ಕಲೆಯ ವಿಷಯದಲ್ಲಿ ಈ ನಿಯಮ ನಮಗೆ ನ್ಯಾಯವೆಂದೇ ತೋರುತ್ತದೆ. ಸಾಫ್ಟ್‌ವೇರಿಗೂ ಇರುವುದು ಅದೇ ನಿಯಮ.

ಹಾಗಾದರೆ ಹಕ್ಕು ಪಡೆಯುವುದು ಹೇಗೆ? ದಾರಿ ಎರಡು. ಒಂದು ವರ್ಗಾವಣೆ, ವಕೀಲರ ಮಾತಿನಲ್ಲಿ ಅಸೈನ್‌ಮೆಂಟ್. ಇದರಲ್ಲಿ ಒಡೆತನವೇ ಕೈ ಬದಲಾಗುತ್ತದೆ. ನೀವು ಅದನ್ನು ಮಾರಬಹುದು, ಕದ್ದವನ ಮೇಲೆ ಕೇಸು ಹಾಕಬಹುದು, ಏಜೆನ್ಸಿ ಅದೇ ಕೋಡನ್ನು ಬೇರೆಯವರಿಗೆ ಕೊಡದಂತೆ ತಡೆಯಬಹುದು. ಇನ್ನೊಂದು ಲೈಸೆನ್ಸ್. ಒಡೆತನ ಏಜೆನ್ಸಿಯಲ್ಲೇ ಉಳಿದು, ಬಳಸುವ ಅನುಮತಿ ಮಾತ್ರ ನಿಮಗೆ ಸಿಗುತ್ತದೆ. ಹಿತ್ತಿಲಿನ ಜಾಗ ಕೊಂಡುಕೊಳ್ಳುವುದಕ್ಕೂ ಗೇಣಿಗೆ ಪಡೆಯುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಮಲ್ಪೆಯ ವ್ಯಾಪಾರಿ ಪಡೆದದ್ದು ವರ್ಗಾವಣೆಯೇ. ಆದರೂ ಸೋತರು. ಅವರನ್ನು ಸೋಲಿಸಿದ್ದು 1994ರ ತಿದ್ದುಪಡಿ.

ಲೇಖಕರು ಪ್ರಕಾಶಕರಿಗೆ, ಸಂಗೀತಗಾರರು ಕಂಪನಿಗಳಿಗೆ ಸಣ್ಣ ಮೊತ್ತಕ್ಕೆ ಎಲ್ಲ ಹಕ್ಕನ್ನೂ ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಿದ್ದ ಕಾಲವದು. ವರ್ಗಾವಣೆ ಪತ್ರದಲ್ಲಿ ಏನು, ಎಷ್ಟು ಕಾಲ, ಎಲ್ಲಿ ಎಂಬುದು ಸ್ಪಷ್ಟವಾಗಿರಬೇಕೆಂದು 19ನೇ ಕಲಮಿಗೆ ಹೊಸ ಉಪಕಲಂಗಳು ಬಂದವು. ಅವಧಿ ಬರೆಯದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತು ಇಲ್ಲದ ಪಕ್ಷದಲ್ಲಿ, ಅದೂ ರದ್ದು. ಬರೆದವರನ್ನು ಕಾಪಾಡುವ ನಿಯಮ ಇದು, ಒಳ್ಳೆಯ ನಿಯಮ. ಆದರೆ ಕೋಡ್ ಕೂಡ ಸಾಹಿತ್ಯ ಕೃತಿಯಾದ್ದರಿಂದ ಸಾಫ್ಟ್‌ವೇರ್ ಕರಾರುಗಳೂ ಇದರ ಕೆಳಗೇ ಬಂದವು.

ಇದು ಎಷ್ಟು ಗಟ್ಟಿ ನಿಯಮ ಎಂದು ತೋರಿಸಿದ್ದು ಪೈನ್ ಲ್ಯಾಬ್ಸ್ ಮತ್ತು ಜೆಮಾಲ್ಟೊ ನಡುವಿನ ಪ್ರಕರಣ. ಇಂಡಿಯನ್ ಆಯಿಲ್‌ನ ಕಾರ್ಡ್ ಯೋಜನೆಗೆ ಬೇಕಾದ ಸಾಫ್ಟ್‌ವೇರನ್ನು ಪೈನ್ ಲ್ಯಾಬ್ಸ್ ಕಂಪನಿ ಜೆಮಾಲ್ಟೊಗೆ ಬರೆದುಕೊಟ್ಟಿತ್ತು. 2004ರ ಒಪ್ಪಂದದಲ್ಲಿ ಹಕ್ಕಿನ ವರ್ಗಾವಣೆಯ ಮಾತಿತ್ತು, ಅವಧಿ ಮತ್ತು ಪ್ರದೇಶದ ಮಾತಿರಲಿಲ್ಲ. 2011ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 19ನೇ ಕಲಮನ್ನು ಇದ್ದ ಹಾಗೇ ಅನ್ವಯಿಸಿತು. ವರ್ಗಾವಣೆ ಐದು ವರ್ಷಕ್ಕೆ ಮುಗಿಯಿತು, ಹಕ್ಕು ಬರೆದವರಿಗೆ ಮರಳಿತು ಎಂದಿತು. ದೊಡ್ಡ ಕಂಪನಿಗಳ ಕರಾರಿಗೇ ಹೀಗಾದರೆ ಎರಡು ಪುಟದ ಅಗ್ರಿಮೆಂಟ್‌ನ ಪಾಡು ಹೇಳಬೇಕಾಗಿಲ್ಲ.

ಈಗ ಮಲ್ಪೆಯ ಲೆಕ್ಕ ಹಾಕಿ. 2018ರ ಆಗಸ್ಟ್‌ಗೆ ಐದು ವರ್ಷ ಸೇರಿಸಿದರೆ 2023ರ ಆಗಸ್ಟ್. ಅಲ್ಲಿಗೆ ಒಡೆತನ ಏಜೆನ್ಸಿಗೆ ವಾಪಸ್. ಐದು ವರ್ಷ ಮುಗಿಯದಿದ್ದರೂ ಓಮಾನ್‌ಗೆ ಮಾರುವ ಹಕ್ಕು ಅವರಿಗೆ ಇರಲೇ ಇಲ್ಲ, ಯಾಕೆಂದರೆ ಪ್ರದೇಶ ಬರೆಯದ ಕಾರಣ ಸಿಕ್ಕಿದ್ದು ಭಾರತ ಮಾತ್ರ. ದಿನದ ಏಲಂ ಲೆಕ್ಕಕ್ಕೆ ಸಾಫ್ಟ್‌ವೇರ್ ಬಳಸುವುದು ನಿಲ್ಲಬೇಕಾಗಿಲ್ಲ. ನ್ಯಾಯವಾಗಿ ಕೈಗೆ ಬಂದ ಪ್ರತಿಯನ್ನು ಕೊಟ್ಟ ಉದ್ದೇಶಕ್ಕೆ ಬಳಸಲು, ಬ್ಯಾಕಪ್ ಇಟ್ಟುಕೊಳ್ಳಲು 52ನೇ ಕಲಂ ಬಿಡುತ್ತದೆ. ಆದರೆ ಮಾರಲಾಗದು. ಅದೇ ಕೋಡನ್ನು ಏಜೆನ್ಸಿ ಮಂಗಳೂರು ದಕ್ಕೆಯ ಇನ್ನೊಬ್ಬ ವ್ಯಾಪಾರಿಗೆ ಕೊಟ್ಟರೆ ತಡೆಯಲೂ ಆಗದು.

ಆ ಒಂದು ಸಾಲಿನಲ್ಲಿ ಇನ್ನೊಂದು ಅಪಾಯವಿದೆ: ‘ಪೂರ್ತಿ ಹಣ ಪಾವತಿಯಾದ ಮೇಲೆ.’ ಕೊನೆಯ ಬಿಲ್ಲಿನ ಅರವತ್ತು ಸಾವಿರದ ಬಗ್ಗೆ ತಕರಾರು ಬಂದು ವ್ಯಾಪಾರಿ ತಡೆಹಿಡಿದಿದ್ದರೆ? ಆಗ ವರ್ಗಾವಣೆ ಆಗಿಯೇ ಇಲ್ಲ ಎಂದು ಏಜೆನ್ಸಿ ವಾದಿಸಬಹುದು. ದುಡ್ಡು ಬರುವ ಮೊದಲೇ ಹಕ್ಕು ಬಿಟ್ಟುಕೊಡಲು ಏಜೆನ್ಸಿ ಹೆದರುವುದೂ ಸಹಜವೇ. ಕಂತಿನ ಪ್ರಕಾರ ಹೋಗುವುದು ಇಬ್ಬರಿಗೂ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಪ್ರತಿ ಕಂತು ಕೊಟ್ಟಾಗ ಅಲ್ಲಿಯವರೆಗೆ ಒಪ್ಪಿಸಿದ ಕೋಡಿನ ಹಕ್ಕು ವರ್ಗವಾಗಲಿ.

‘ಹಾಗಾದರೆ ಲೈಸೆನ್ಸೇ ತಗೊಂಡರೆ ಆಯ್ತಲ್ಲ, ಈ ಐದು ವರ್ಷದ ರಗಳೆ ಇರಲಿಕ್ಕಿಲ್ಲ’ ಎನ್ನುವವರಿದ್ದಾರೆ. ಇಲ್ಲೇ ಜಾಸ್ತಿ ಜನ ಎಡವುವುದು. 19ನೇ ಕಲಮಿನ ನಿಯಮಗಳು ಲೈಸೆನ್ಸಿಗೂ ಅನ್ವಯ ಎಂದು 30ಎ ಕಲಂ ಹೇಳುತ್ತದೆ. ಅವಧಿ ಬರೆಯದ ಲೈಸೆನ್ಸಿನ ಮೇಲೂ ಅದೇ ಐದು ವರ್ಷದ ಕತ್ತಿ ತೂಗುತ್ತದೆ.

ಅಮೆರಿಕದ ಕರಾರುಗಳಿಂದ ನಕಲು ಮಾಡಿದ ‘ವರ್ಕ್ ಫಾರ್ ಹೈರ್’ ಎಂಬ ಮಾತು ನಮ್ಮ ಊರಿನ ಅಗ್ರಿಮೆಂಟ್‌ಗಳಲ್ಲೂ ಕಾಣುತ್ತದೆ. ಅದು ಅವರ ಕಾಯಿದೆಯ ಮಾತು, ನಮ್ಮ ಕಾಯಿದೆಯಲ್ಲಿ ಅದಿಲ್ಲ. ಅದೊಂದನ್ನೇ ನಂಬಿ ವರ್ಗಾವಣೆಯ ಸಾಲು ಬಿಟ್ಟರೆ ಕೈಯಲ್ಲಿ ಏನೂ ಇರುವುದಿಲ್ಲ.

ಹಾಗಾದರೆ ವ್ಯಾಪಾರಿಯ ಸಾಲು ಹೇಗಿರಬೇಕಿತ್ತು? ಹೀಗೆ: ‘ಈ ಯೋಜನೆಗಾಗಿ ಬರೆದ, ಅನುಬಂಧದಲ್ಲಿ ಹೆಸರಿಸಿದ ಸೋರ್ಸ್ ಕೋಡ್, ವಿನ್ಯಾಸ ಮತ್ತು ಕೈಪಿಡಿಗಳ ಕಾಪಿರೈಟನ್ನು, ಅದರ ಪೂರ್ಣ ಅವಧಿಗೆ, ಜಗತ್ತಿನ ಎಲ್ಲೆಡೆಗೆ ಅನ್ವಯವಾಗುವಂತೆ, ಒಪ್ಪಿದ ಮೊತ್ತಕ್ಕೆ ಪ್ರತಿಯಾಗಿ, ಏಜೆನ್ಸಿ ಗ್ರಾಹಕರಿಗೆ ಈ ಮೂಲಕ ವರ್ಗಾಯಿಸಿದೆ. ಒಂದು ವರ್ಷ ಬಳಸದಿದ್ದರೂ ವರ್ಗಾವಣೆ ರದ್ದಾಗುವುದಿಲ್ಲ.’ ‘ಮುಂದೆ ವರ್ಗಾಯಿಸುತ್ತೇವೆ’ ಎಂದು ಬರೆದರೆ ಅದು ಬರೀ ಭರವಸೆ, ‘ಈ ಮೂಲಕ ವರ್ಗಾಯಿಸಿದೆ’ ಎಂದೇ ಬೇಕು. ಇನ್ನೂ ಬರೆಯದ ಕೋಡಿನ ಹಕ್ಕನ್ನೂ ಹೀಗೆ ಮೊದಲೇ ವರ್ಗಾಯಿಸಬಹುದು. ಆ ಕೋಡ್ ಹುಟ್ಟಿದಾಗ ವರ್ಗಾವಣೆ ಜಾರಿಗೆ ಬರುತ್ತದೆ.

ಎಲ್ಲವನ್ನೂ ಬರೆಸಿಕೊಳ್ಳಬೇಕೆಂಬ ಹಟವೂ ಸರಿಯಲ್ಲ. ಲಾಗಿನ್, ಬಿಲ್ಲಿಂಗ್, ಎಸ್‌ಎಂಎಸ್ ಕಳಿಸುವ ಭಾಗವನ್ನು ಏಜೆನ್ಸಿ ಮೊದಲೇ ಬರೆದಿಟ್ಟು ಪ್ರತಿ ಗ್ರಾಹಕರಿಗೂ ಬಳಸುತ್ತಿರುತ್ತದೆ. ಅದನ್ನು ನಿಮ್ಮೊಬ್ಬರಿಗೆ ಬರೆದುಕೊಟ್ಟರೆ ನಾಳೆ ಅವರ ಅಂಗಡಿ ಮುಚ್ಚಬೇಕು. ಲೈಸೆನ್ಸಿನ ನಿಜವಾದ ಜಾಗ ಇದು. ಏಲಂ ಲೆಕ್ಕ, ಬೋಟಿನ ಪಾಲು, ಕಮಿಷನ್ ಕಡಿತದ ಭಾಗ ನಿಮಗೆಂದೇ ಬರೆದದ್ದು, ಅದಕ್ಕೆ ವರ್ಗಾವಣೆ. ಏಜೆನ್ಸಿಯ ಹಳೆಯ ಭಾಗಗಳಿಗೆ ಲೈಸೆನ್ಸ್. ಆ ಲೈಸೆನ್ಸಿಗೂ ಅವಧಿ ಮತ್ತು ಪ್ರದೇಶ ಬರೆಯಿರಿ. ಬದಲಾವಣೆ ಮಾಡಲು, ಬೇರೆ ಏಜೆನ್ಸಿಯಿಂದ ಮಾಡಿಸಲು, ವ್ಯವಹಾರ ಮಾರಿದಾಗ ಕೊಂಡವರಿಗೆ ದಾಟಿಸಲು ಅನುಮತಿ ಸೇರಿಸಿ. ಯಾವ ಫೋಲ್ಡರ್ ಯಾರದ್ದು ಎಂಬ ಪಟ್ಟಿ ಅನುಬಂಧದಲ್ಲಿ ಇರಲಿ.

ಕೋಡನ್ನು ನಿಜವಾಗಿ ಬರೆದವರು ಯಾರು ಎಂದೂ ಕೇಳಿ. ಏಜೆನ್ಸಿಯ ಸಂಬಳದ ನೌಕರರು ಬರೆದಿದ್ದರೆ ಹಕ್ಕು ಏಜೆನ್ಸಿಗೆ ಬಂದಿರುತ್ತದೆ. ಪುತ್ತೂರಿನಲ್ಲಿ ಕೂತ ಒಬ್ಬ ಫ್ರೀಲಾನ್ಸರ್ ಬರೆದಿದ್ದರೆ ಆ ಭಾಗದ ಒಡೆಯ ಅವನೇ. ತನ್ನದಲ್ಲದ್ದನ್ನು ಏಜೆನ್ಸಿ ನಿಮಗೆ ಕೊಡಲಾರದು. ಕೋಡಿನ ಯಾವ ಬದಲಾವಣೆಯನ್ನು ಯಾರು ಮಾಡಿದರೆಂದು ದಾಖಲಿಸಿಡುವ ಗಿಟ್‌ನ ಲಾಗ್ ನೋಡಿದರೆ ಹೆಸರುಗಳು ಸಿಗುತ್ತವೆ:

```
git shortlog -sne --all
```

ಇಲ್ಲಿ ಬರುವ ಹೆಸರುಗಳಲ್ಲಿ ಏಜೆನ್ಸಿಯ ನೌಕರರಲ್ಲದವರು ಕಂಡರೆ, ಅವರು ಏಜೆನ್ಸಿಗೆ ಸಹಿ ಹಾಕಿ ಕೊಟ್ಟ ವರ್ಗಾವಣೆ ಪತ್ರದ ಪ್ರತಿ ಕೇಳಿ. ಅದರಲ್ಲೂ ಅವಧಿ, ಪ್ರದೇಶ ಇದೆಯೇ ನೋಡಿ.

ಮಲ್ಪೆಯ ವ್ಯಾಪಾರಿಗೆ ಈಗ ಉಳಿದಿರುವುದು ಏಜೆನ್ಸಿಯ ಜೊತೆ ಕೂತು ಹೊಸ ಪತ್ರ ಮಾಡಿಕೊಳ್ಳುವುದು. ಹಳೆಯ ಮತ್ತು ಹೊಸ ಎಲ್ಲ ಆವೃತ್ತಿಗಳನ್ನು ಹೆಸರಿಸಿ ಪೂರ್ಣ ಅವಧಿಗೆ ವರ್ಗಾಯಿಸಿಕೊಳ್ಳಬೇಕು. ಅದಕ್ಕೆ ಏಜೆನ್ಸಿ ಮತ್ತೆ ದುಡ್ಡು ಕೇಳಬಹುದು, ಕೇಳುವ ಹಕ್ಕು ಅವರಿಗಿದೆ. ಓಮಾನ್‌ನವರು ಒಪ್ಪಿದ ಬೆಲೆಯನ್ನು ಬಾಯಿಬಿಡುವ ಮೊದಲೇ ಈ ಮಾತುಕತೆ ಮುಗಿಸಿಕೊಳ್ಳುವುದು ಒಳ್ಳೆಯದು. ಕರಾರು ಮಾಡಿ ಇನ್ನೂ ಐದು ವರ್ಷ ಆಗದವರು ಇವತ್ತೇ ಅಗ್ರಿಮೆಂಟ್ ತೆಗೆದು ಸಹಿಯ ತಾರೀಕು ನೋಡಲಿ. ಒಂದು ಪುಟದ ತಿದ್ದುಪಡಿ ಪತ್ರಕ್ಕೆ ಏಜೆನ್ಸಿಯವರು ಸುಮ್ನೆ ಸಹಿ ಹಾಕಿಕೊಡುವುದು ಆ ತಾರೀಕು ದಾಟುವ ಮೊದಲು ಮಾತ್ರ.