ನಡುವಿನ ಸ್ಪ್ರಿಂಗು ಸಿಕ್ಕಿಬಿದ್ದ ಕತೆ

ತುಮಕೂರಿನ ನಮ್ಮ ಮನೆಯ ಊಟದ ಮೇಜು ಹೋದ ದಸರಾ ರಜೆಯಲ್ಲಿ ಊಟಕ್ಕೆ ಸಿಗಲಿಲ್ಲ. ಬಿಎಸ್ಸಿ ಓದುವ ಅಕ್ಕನ ಮಗ ಅದರ ಮೇಲೆ ಬೇರಿಂಗ್ ಚಕ್ರದ ಎರಡು ಪುಟ್ಟ ಗಾಡಿ ಇಟ್ಟುಕೊಂಡಿದ್ದ. ರಾಗಿ ಸುರಿದು ತೂಗಿ, ಒಂದೊಂದನ್ನೂ ಸರಿಯಾಗಿ 500 ಗ್ರಾಂ ಮಾಡಿದ್ದ. ಎಡಗಡೆ ಗೂಟದಿಂದ ಮೊದಲ ಗಾಡಿಗೆ ಒಂದು ಸ್ಪ್ರಿಂಗು, ಎರಡು ಗಾಡಿಗಳ ನಡುವೆ ಒಂದು, ಎರಡನೇ ಗಾಡಿಯಿಂದ ಬಲಗಡೆ ಗೂಟಕ್ಕೆ ಇನ್ನೊಂದು. ಮೂರನ್ನೂ ಸ್ವಲ್ಪ ಎಳೆದೇ ಕಟ್ಟಿದ್ದ. ಇಲ್ಲದಿದ್ದರೆ ಗಾಡಿಗಳು ಹತ್ತಿರ ಬಂದಾಗ ಸ್ಪ್ರಿಂಗು ಜೋತುಬಿದ್ದು ಲೆಕ್ಕ ಕೆಡುತ್ತದೆ.

ಒಂದು ಸ್ಪ್ರಿಂಗಿಗೆ 200 ಗ್ರಾಂ ತೂಕ ನೇತುಹಾಕಿ ನೋಡಿದ. 9.8 ಸೆಂಟಿಮೀಟರ್ ಹಿಗ್ಗಿತು. ಅಂದರೆ ಅದನ್ನು ಒಂದು ಮೀಟರ್ ಎಳೆಯಲು 20 ನ್ಯೂಟನ್ ಬಲ ಬೇಕು. ಮೂರೂ ಒಂದೇ ಡಬ್ಬಿಯಿಂದ ಬಂದವು, ಇನ್ನೆರಡನ್ನು ಯಾಕೆ ನೋಡಬೇಕು ಅಂತ ಬಿಟ್ಟ. ಈ ಸೋಮಾರಿತನ ಆಮೇಲೆ ಕೆಲಸ ಕೊಟ್ಟಿತು.

ಮೊದಲ ಗಾಡಿ ತನ್ನ ಜಾಗದಿಂದ x1 ದೂರ, ಎರಡನೆಯದು x2 ದೂರ ಸರಿದಿದೆ ಎನ್ನೋಣ. ಎಡ ಸ್ಪ್ರಿಂಗು ಮೊದಲ ಗಾಡಿಯನ್ನು 20·x1 ಬಲದಿಂದ ಹಿಂದಕ್ಕೆ ಎಳೆಯುತ್ತದೆ. ನಡುವಿನ ಸ್ಪ್ರಿಂಗು ಮಾತ್ರ ಗಾಡಿ ಎಲ್ಲಿದೆ ಅಂತ ನೋಡುವುದಿಲ್ಲ, ಇಬ್ಬರ ನಡುವಿನ ವ್ಯತ್ಯಾಸ ನೋಡುತ್ತದೆ. ಅದರ ಬಲ 20·(x2 − x1). ಎರಡನೇ ಗಾಡಿಯ ಕತೆಯೂ ಇದೇ, ಕನ್ನಡಿಯಲ್ಲಿ ನೋಡಿದ ಹಾಗೆ. ಎಲ್ಲವನ್ನೂ 0.5 ಕಿಲೋದಿಂದ ಭಾಗಿಸಿದರೆ ಈ ಮ್ಯಾಟ್ರಿಕ್ಸ್ ಬರುತ್ತದೆ:

```
 80  -40
-40   80
```

ಈಗ ಪ್ರಶ್ನೆ ಒಂದೇ. ಎರಡೂ ಗಾಡಿ ಒಂದೇ ತಾಳಕ್ಕೆ ತೂಗುವಂತೆ ಅವನ್ನು ಹೇಗೆ ಎಳೆದು ಬಿಡಬೇಕು? ಅಂಥ ತೂಗಾಟಕ್ಕೆ ನಾರ್ಮಲ್ ಮೋಡ್ ಎಂದು ಹೆಸರು. ಮ್ಯಾಟ್ರಿಕ್ಸಿನ ಐಗನ್‌ವೆಕ್ಟರ್ ಹೇಗೆ ಎಳೆಯಬೇಕೆಂದು ಹೇಳುತ್ತದೆ, ಐಗನ್‌ವ್ಯಾಲ್ಯೂ ತಾಳದ ವೇಗ ಹೇಳುತ್ತದೆ.

```
(80 - λ)² - 40² = 0
λ = 40  ಅಥವಾ  λ = 120
```

λ ಅಂದರೆ ಕೋನೀಯ ಆವೃತ್ತಿ ω ದ ವರ್ಗ. ಒಂದು ತೂಗಾಟಕ್ಕೆ ಹಿಡಿಯುವ ಸಮಯ 2π/ω. ಹಾಗಾಗಿ ಹತ್ತು ತೂಗಾಟಕ್ಕೆ ಒಂದು ಮೋಡ್‌ನಲ್ಲಿ 9.9 ಸೆಕೆಂಡು, ಇನ್ನೊಂದರಲ್ಲಿ 5.7 ಸೆಕೆಂಡು.

ಯಾವುದು ಯಾವುದಕ್ಕೆ? ಇಲ್ಲಿ ಹುಡುಗ ಎಡವಿದ್ದ. ಮೊದಲ ಸಲ ಅವನು −40 ಬದಲು +40 ಬರೆದಿದ್ದ. ತಮಾಷೆ ಎಂದರೆ ಹಾಗೆ ಬರೆದರೂ ಉತ್ತರ 40 ಮತ್ತು 120 ಅಂತಲೇ ಬರುತ್ತದೆ! ಮೋಡ್‌ಗಳು ಮಾತ್ರ ಅದಲುಬದಲಾಗುತ್ತವೆ. ಸಂಖ್ಯೆ ನೋಡಿ ಈ ತಪ್ಪು ಹಿಡಿಯುವುದಕ್ಕೆ ಆಗುವುದಿಲ್ಲ, ಸ್ಪ್ರಿಂಗನ್ನೇ ನೋಡಬೇಕು. ಎರಡೂ ಗಾಡಿ ಒಂದೇ ಕಡೆಗೆ, ಒಂದೇ ದೂರ ಹೋದರೆ ನಡುವಿನ ಸ್ಪ್ರಿಂಗು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದು ಇಲ್ಲದ ಹಾಗೇ ಲೆಕ್ಕ. ಆದ್ದರಿಂದ ಜೊತೆಜೊತೆಯಾಗಿ ಹೋಗುವುದೇ ನಿಧಾನದ ಮೋಡ್. ಎದುರುಬದುರಾಗಿ ಹೋದರೆ ನಡುವಿನ ಸ್ಪ್ರಿಂಗಿನ ಮಧ್ಯಬಿಂದು ಅಲುಗದೆ ನಿಲ್ಲುತ್ತದೆ. ಆ ಬಿಂದುವನ್ನೇ ಗೋಡೆ ಅಂದುಕೊಳ್ಳಿ. ಅರ್ಧ ಸ್ಪ್ರಿಂಗು ಎರಡು ಪಟ್ಟು ಬಿಗಿ, ಅಂದರೆ 40. ಪಕ್ಕದ 20 ಸೇರಿ 60. ಅದನ್ನು 0.5 ರಿಂದ ಭಾಗಿಸಿದರೆ 120. ಮ್ಯಾಟ್ರಿಕ್ಸ್ ಮುಟ್ಟದೆಯೇ ಅದೇ ಉತ್ತರ ಬಂತು, ಅಲ್ವಾ?

ಸರಿ, ಫೋನಿನಲ್ಲಿ ವಿಡಿಯೊ ತೆಗೆದು ಅಳೆದೆವು. ಜೊತೆಜೊತೆಗೆ ಬಿಟ್ಟಾಗ ಹತ್ತು ತೂಗಾಟಕ್ಕೆ 10.0 ಸೆಕೆಂಡು. ಭೇಷ್! ಎದುರುಬದುರು ಬಿಟ್ಟಾಗ 6.45 ಸೆಕೆಂಡು. 5.7 ಎಲ್ಲಿ, 6.45 ಎಲ್ಲಿ!

"ಮಾವ, ಚಕ್ರ ತಿಕ್ಕುತ್ತಿದೆ ಅನ್ಸುತ್ತೆ" ಅಂದ.

ಚಕ್ರ ತಿಕ್ಕಿದರೆ ತೂಗಾಟ ಬೇಗ ಸಾಯುತ್ತದೆ, ತಾಳ ಇಷ್ಟೊಂದು ತಪ್ಪುವುದಿಲ್ಲ. ತೂಕ ತಪ್ಪಾಗಿದ್ದರೆ ಎರಡೂ ಮೋಡ್ ಕೆಡಬೇಕಿತ್ತು. ನಿಧಾನದ ಮೋಡ್ ಸರಿಯಾಗಿ ಬಂದಿದೆ, ಅದಕ್ಕೆ ನಡುವಿನ ಸ್ಪ್ರಿಂಗು ಕಾಣುವುದೇ ಇಲ್ಲ. ಅಂದ ಮೇಲೆ ಕಳ್ಳ ನಡುವೆಯೇ ಇದ್ದಾನೆ.

ಎಷ್ಟು ತಪ್ಪಿದೆ ಎಂಬುದನ್ನೂ ಹೇಳಬಹುದು. ನಡುವಿನ ಸ್ಪ್ರಿಂಗಿನ ಬಿಗಿ c, ಪಕ್ಕದವುಗಳ ಬಿಗಿ k ಆದರೆ, ಎರಡು ಐಗನ್‌ವ್ಯಾಲ್ಯೂಗಳ ಅನುಪಾತ 1 + 2c/k. ನಮ್ಮ ಸಮಯಗಳ ಅನುಪಾತ 10.0/6.45, ಅಂದರೆ 1.55. ಅದರ ವರ್ಗ 2.40. ಒಂದು ಕಳೆದು ಎರಡರಿಂದ ಭಾಗಿಸಿದರೆ 0.7. ಹಾಗಾದರೆ c ಬೆಲೆ 14. ಸ್ಪ್ರಿಂಗು ಬಿಚ್ಚಿ ಅದೇ 200 ಗ್ರಾಂ ನೇತುಹಾಕಿದೆವು. 9.8 ಅಲ್ಲ, 14 ಸೆಂಟಿಮೀಟರ್ ಹಿಗ್ಗಿತು. ಲೆಕ್ಕ ಹೇಳಿದ್ದೂ ಅಷ್ಟೇ.

ಈ ಸುಲಭವೆಲ್ಲ ಎರಡೂ ಗಾಡಿ, ಎರಡೂ ಪಕ್ಕದ ಸ್ಪ್ರಿಂಗು ಒಂದೇ ಥರ ಇದ್ದಾಗ ಮಾತ್ರ. ಒಂದು ಗಾಡಿಗೆ ರಾಗಿ ಜಾಸ್ತಿ ಸುರಿದರೆ ಆಗಲೂ ಎರಡು ಮೋಡ್ ಇರುತ್ತವೆ. ಆದರೆ ಗಾಡಿಗಳು ಸಮ ದೂರ ಹೋಗುವುದಿಲ್ಲ. ಎಷ್ಟೆಷ್ಟು ಹೋಗುತ್ತವೆ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು, ಐಗನ್‌ವೆಕ್ಟರನ್ನೇ ಕೇಳಬೇಕು.

ಕೊನೆಗೆ ಹುಡುಗ ನಡುವೆ 2 ನ್ಯೂಟನ್ನಿನ ಮೆತ್ತನೆ ಸ್ಪ್ರಿಂಗು ಹಾಕಿದ. ಈಗ ಐಗನ್‌ವ್ಯಾಲ್ಯೂಗಳು 40 ಮತ್ತು 48, ಎರಡು ತಾಳಗಳೂ ಹತ್ತಿರ ಹತ್ತಿರ. ಒಂದೇ ಗಾಡಿಯನ್ನು ಎಳೆದು ಬಿಟ್ಟ. ಅದರ ತೂಗಾಟ ಮೆಲ್ಲಗೆ ಸಣ್ಣದಾಯಿತು, ಪಕ್ಕದ್ದು ಏಳತೊಡಗಿತು. ಐದು ಸೆಕೆಂಡು ಕಳೆಯುವಷ್ಟರಲ್ಲಿ ಎಳೆದ ಗಾಡಿ ಹೆಚ್ಚುಕಡಿಮೆ ನಿಂತಿತ್ತು, ಮುಟ್ಟದೇ ಇದ್ದ ಗಾಡಿ ಓಡಾಡುತ್ತಿತ್ತು.