ನಿಮಿಷಕ್ಕೊಂದು ಸುತ್ತು: ಟೂರ್ಬಿಯಾನ್ ಮಾಡುವ ಕೆಲಸ

ಮುಂಬಯಿಯ ಮಾಟುಂಗದಲ್ಲಿ ನನ್ನ ಸೋದರಮಾವನದು ವಾಚ್ ರಿಪೇರಿ ಅಂಗಡಿ. ಅಲ್ಲಿ ನನಗೆ ಇಷ್ಟದ ವಸ್ತು ಟೈಮ್‌ಗ್ರಾಫರ್. ವಾಚಿನ ಟಿಕ್ ಟಿಕ್ ಕೇಳಿಸಿಕೊಂಡು, ಅದು ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಹೋಗುತ್ತದೆ ಎಂದು ತೋರಿಸುವ ಪುಟ್ಟ ಯಂತ್ರ ಅದು.

ಮೊನ್ನೆ ಮಾವ ಅದಕ್ಕೊಂದು ಹಳೆಯ ಜೇಬುಗಡಿಯಾರ ಸಿಕ್ಕಿಸಿದರು. ಹನ್ನೆರಡರ ಅಂಕಿ ಮೇಲಿದ್ದಾಗ 9 ಸೆಕೆಂಡು ಮುಂದೆ. ಮೂರು ಮೇಲೆ ಬಂದಾಗ 2 ಮುಂದೆ. ಆರು ಮೇಲಿದ್ದಾಗ 7 ಹಿಂದೆ. ಒಂಬತ್ತು ಮೇಲಿದ್ದಾಗ ಸರಿಯಾಗಿ ಸೊನ್ನೆ. "ವಾಚು ಒಂದೇ, ನಾಲ್ಕು ಥರ ಮಾತಾಡ್ತದೆ ನೋಡು" ಎಂದರು.

ಕಾರಣ ಒಳಗೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ಅದರ ಒಂದು ಬದಿ ಚೂರೇ ಚೂರು ಭಾರ ಇದ್ದರೂ ಸಾಕು, ವಾಚು ನೆಟ್ಟಗೆ ನಿಂತಾಗ ಗುರುತ್ವ ಆ ಬದಿಯನ್ನು ಎಳೆಯುತ್ತದೆ. ಭಾರ ಯಾವ ಕಡೆ ಇದೆ ಎನ್ನುವುದರ ಮೇಲೆ ತೂಗಾಟ ಬೇಗವೋ ನಿಧಾನವೋ ಆಗುತ್ತದೆ. ಹಿಂದಿನ ಕಾಲದಲ್ಲಿ ವಾಚು ದಿನವಿಡೀ ಜೇಬಿನಲ್ಲಿ ಒಂದೇ ಭಂಗಿಯಲ್ಲಿ ನಿಂತಿರುತ್ತಿತ್ತು. ಈ ವಾಚು ಹನ್ನೆರಡು ಮೇಲಾಗಿ ನಿಂತೇ ಇದ್ದರೆ ವಾರಕ್ಕೆ 63 ಸೆಕೆಂಡು ಮುಂದೆ ಹೋಗುತ್ತದೆ.

ಪ್ಯಾರಿಸ್ಸಿನ ವಾಚು ತಯಾರಕ ಬ್ರೆಗೆ 1801ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೆ ಒಂದು ಉಪಾಯಕ್ಕೆ. ಬ್ಯಾಲೆನ್ಸ್ ಚಕ್ರವನ್ನೂ ಅದಕ್ಕೆ ತಳ್ಳು ಕೊಡುವ ಎಸ್ಕೇಪ್‌ಮೆಂಟನ್ನೂ ಒಂದು ಪಂಜರದಲ್ಲಿಟ್ಟು, ಪಂಜರವನ್ನೇ ತಿರುಗಿಸಿದ. ಅದೇ ಟೂರ್ಬಿಯಾನ್. ಈಗಿನವು ಸಾಮಾನ್ಯವಾಗಿ ನಿಮಿಷಕ್ಕೆ ಒಂದು ಸುತ್ತು. ಭಾರದ ಬದಿ ನಾಲ್ಕೂ ದಿಕ್ಕಿಗೆ ಹೋಗಿ ಬರುತ್ತದೆ, ತಪ್ಪುಗಳು ಒಂದನ್ನೊಂದು ಕಳೆಯುತ್ತವೆ. ನಮ್ಮ ಲೆಕ್ಕದಲ್ಲಿ 9 ಮತ್ತು 2 ಕೂಡಿಸಿ 7 ಕಳೆದು ನಾಲ್ಕರಿಂದ ಭಾಗಿಸಿದರೆ, ದಿನಕ್ಕೆ 1 ಸೆಕೆಂಡು ಮಾತ್ರ.

ಇಷ್ಟೇ ಅದರ ಕೆಲಸ. ತಪ್ಪನ್ನು ಅದು ತಿದ್ದುವುದಿಲ್ಲ, ಹಂಚಿ ಸರಾಸರಿ ಮಾಡುತ್ತದೆ. ಮೇಜಿನ ಮೇಲೆ ವಾಚನ್ನು ಮಲಗಿಸಿಟ್ಟರೆ ಅದರಿಂದ ಏನೂ ಉಪಯೋಗವಿಲ್ಲ. ಇನ್ನು ಕೈಗಡಿಯಾರ ಕೈಯ ಜೊತೆ ದಿನವಿಡೀ ತಿರುಗುತ್ತಲೇ ಇರುತ್ತದೆ, ಅಲ್ವಾ? ಹಾಗಾಗಿ ಅಲ್ಲಿ ಟೂರ್ಬಿಯಾನಿನ ಲಾಭ ಬಹಳ ಕಡಿಮೆ. ಸಮಯದ ಮಟ್ಟಿಗೆ ಕೆಲವು ನೂರು ರೂಪಾಯಿಯ ಕ್ವಾರ್ಟ್ಸ್ ವಾಚೇ ಅದಕ್ಕಿಂತ ಮುಂದೆ. ದುಬಾರಿ ವಾಚುಗಳ ಬೇರೆ ಕರಾಮತ್ತುಗಳಾದ, ಗಂಟೆ, ನಿಮಿಷಗಳನ್ನು ಬಾರಿಸಿ ಹೇಳುವ ಮಿನಿಟ್ ರಿಪೀಟರ್, ಅಧಿಕ ವರ್ಷ ನೆನಪಿಡುವ ಪರ್ಪೆಚುವಲ್ ಕ್ಯಾಲೆಂಡರ್ ಇವಂತೂ ನಿಖರತೆಗಾಗಿ ಮಾಡಿದವೇ ಅಲ್ಲ.

ಹಾಗಾದರೆ ಟೂರ್ಬಿಯಾನ್ ವಾಚಿಗೆ ಹತ್ತಾರು ಲಕ್ಷ ರೂಪಾಯಿ ಬೆಲೆ ಯಾಕೆ? ಪಂಜರದಲ್ಲಿ ಹಲವು ಡಜನ್ ಭಾಗಗಳಿದ್ದರೂ ಎಲ್ಲ ಸೇರಿ ಒಂದು ಗ್ರಾಂ ಕೂಡ ತೂಗುವುದಿಲ್ಲ. ಗಂಟೆಗೆ 21,600 ಬಡಿತದ ವಾಚಿನಲ್ಲಿ ಆ ಪಂಜರ ಸೆಕೆಂಡಿಗೆ ಆರು ಸಲ ನಿಂತು ಹೊರಡಬೇಕು. ಚೂರು ಭಾರ ಹೆಚ್ಚಾದರೂ ಸ್ಪ್ರಿಂಗಿನ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಆದರೆ ಚೀನಾದಲ್ಲಿ ಯಂತ್ರದಲ್ಲಿ ತಯಾರಾದ ಟೂರ್ಬಿಯಾನ್ ಕೆಲವು ಹತ್ತು ಸಾವಿರಕ್ಕೇ ಸಿಗುತ್ತದೆ. ಹತ್ತಾರು ಲಕ್ಷ ಹೋಗುವುದು ಹೆಚ್ಚಾಗಿ ಕೈಕೆಲಸಕ್ಕೆ. ವಾಚಿನೊಳಗೆ ಚಕ್ರಗಳನ್ನು ಹಿಡಿದಿಡುವ, ಸೇತುವೆ ಎಂದು ಕರೆಯುವ ಲೋಹದ ಪಟ್ಟಿಯ ಒಳಮೂಲೆಯ ಅಂಚನ್ನು ಕನ್ನಡಿಯಂತೆ ಹೊಳೆಯಿಸಲು ಯಂತ್ರಕ್ಕೆ ಆಗುವುದಿಲ್ಲ. ಅದನ್ನು ಒಬ್ಬರು ಕೂತು ಕೈಯಲ್ಲೇ ಉಜ್ಜಬೇಕು.

ಮಾವ ಆ ಜೇಬುಗಡಿಯಾರದ ಬ್ಯಾಲೆನ್ಸ್ ಚಕ್ರ ಬಿಚ್ಚಿ, ಭಾರದ ಬದಿಯ ಸ್ಕ್ರೂವಿನ ತಳದಿಂದ ಕಣ್ಣಿಗೆ ಕಾಣದಷ್ಟು ಲೋಹ ತೆಗೆದರು. ಮತ್ತೆ ಜೋಡಿಸಿ ಟೈಮ್‌ಗ್ರಾಫರಿಗೆ ಇಟ್ಟಾಗ 4 ಮುಂದೆ, 2 ಮುಂದೆ, 2 ಹಿಂದೆ, ಸೊನ್ನೆ.